ಒಡೆಯ ಯಾರು, ಸ್ವಾಧೀನ ಯಾರದು?

ಒಂದೇ ಸ್ವತ್ತಿನ ಒಡೆತನ ಒಬ್ಬರಲ್ಲಿ, ಸ್ವಾಧೀನ ಇನ್ನೊಬ್ಬರಲ್ಲಿ ಇರುವುದು ಕಾನೂನಿಗೆ ಹೊಸದೇನಲ್ಲ. ಬಾಡಿಗೆಗೆ ಕೊಟ್ಟ ಮನೆಯ ಕ್ರಯಪತ್ರ ಮಾಲೀಕನ ಬೀರುವಿನಲ್ಲಿರುತ್ತದೆ, ಬೀಗದ ಕೈ ಬಾಡಿಗೆದಾರನ ಬಳಿ ಇರುತ್ತದೆ. ಭೋಗ್ಯಕ್ಕೆ ಹಾಕಿದ ಹೊಲದ ಖಾತೆ ಸಾಲ ಪಡೆದವನ ಹೆಸರಿನಲ್ಲೇ ಇದ್ದರೂ ಬೆಳೆ ಕೊಯ್ಯುವವನು ಸಾಲ ಕೊಟ್ಟವನು. ಒಡವೆಯನ್ನು ಗಿರವಿ ಇಟ್ಟ ದಿನದಿಂದ ಬಿಡಿಸಿಕೊಳ್ಳುವ ದಿನದವರೆಗೆ ಅದು ಅಂಗಡಿಯವನ ತಿಜೋರಿಯಲ್ಲಿರುತ್ತದೆ, ಆದರೂ ಅವನದಾಗುವುದಿಲ್ಲ. ಹೀಗೆ ಎರಡೂ ಬೇರೆ ಬೇರೆ ಕೈಯಲ್ಲಿರುವಾಗ ಜಗಳ ಹುಟ್ಟಿದರೆ ನ್ಯಾಯಾಲಯ ಯಾರ ಪರ ನಿಲ್ಲುತ್ತದೆ ಎಂಬುದು ಸುಲಭದ ಪ್ರಶ್ನೆಯಲ್ಲ. ಎಷ್ಟೋ ಸಲ ಅದು ಒಡೆಯನ ವಿರುದ್ಧವೇ ಸ್ವಾಧೀನದಾರನನ್ನು ಕಾಪಾಡುತ್ತದೆ. ಅದಕ್ಕೆ ಗಟ್ಟಿಯಾದ ಕಾರಣಗಳೂ ಇವೆ.

ಒಡೆತನ ಎಂದರೆ ಹಕ್ಕು. ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ನ್ಯಾಯಶಾಸ್ತ್ರಜ್ಞ ಜಾನ್ ಆಸ್ಟಿನ್ ಅದಕ್ಕೆ ಮೂರು ಗುರುತು ಹೇಳಿದ. ವಸ್ತುವನ್ನು ಹೇಗೆ ಬಳಸಬೇಕೆಂಬುದಕ್ಕೆ ಮೊದಲೇ ಹಾಕಿದ ಗೆರೆ ಇರುವುದಿಲ್ಲ, ಅದನ್ನು ಮಾರಲು ಅಥವಾ ದಾನ ಮಾಡಲು ಅಡ್ಡಿ ಇರುವುದಿಲ್ಲ, ಈ ಹಕ್ಕು ಮುಗಿಯುವ ದಿನವೂ ಗೊತ್ತಾಗಿರುವುದಿಲ್ಲ. ಇಂದು ಈ ಮೂರಕ್ಕೂ ಮಿತಿಗಳಿವೆ. ನಗರ ಯೋಜನೆಯ ನಿಯಮ, ತೆರಿಗೆ, ಭೂಸ್ವಾಧೀನ ಎಲ್ಲವೂ ಒಡೆತನವನ್ನು ಅಷ್ಟಷ್ಟು ಕತ್ತರಿಸುತ್ತವೆ. ಆದರೂ ಆಸ್ಟಿನ್‌ನ ಮಾತಿನ ತಿರುಳು ಉಳಿದಿದೆ. ಬಾಡಿಗೆದಾರ, ಭೋಗ್ಯದಾರ, ದಾರಿಯ ಹಕ್ಕುಳ್ಳ ಪಕ್ಕದ ಜಮೀನಿನವನು ಇವರೆಲ್ಲರ ಪಾಲು ಒಂದು ದಿನ ಕಳೆದುಹೋದಾಗ ಸ್ವತ್ತು ತಾನಾಗಿ ಯಾರಿಗೆ ಮರಳುತ್ತದೋ ಅವನೇ ಒಡೆಯ.

ಸ್ವಾಧೀನ ಹಾಗಲ್ಲ. ಅದು ಮೊದಲಿಗೆ ಒಂದು ವಾಸ್ತವ ಸಂಗತಿ, ಕಣ್ಣಿಗೆ ಕಾಣುವಂಥದ್ದು. ಹೊಲಕ್ಕೆ ಬೇಲಿ ಹಾಕಿದವರು ಯಾರು, ಉಳುತ್ತಿರುವವರು ಯಾರು, ಬಾಗಿಲು ತೆಗೆಯುವವರು ಯಾರು ಎಂಬುದಕ್ಕೆ ಉತ್ತರ ನೆಲದ ಮೇಲೇ ಸಿಗುತ್ತದೆ. ಆದರೆ ಕಂಡಷ್ಟಕ್ಕೇ ಅದು ಮುಗಿಯುವುದಿಲ್ಲ. ಜರ್ಮನಿಯ ಫ್ರೆಡ್ರಿಕ್ ಕಾರ್ಲ್ ಫಾನ್ ಸಾವಿಗ್ನಿ 1803ರಲ್ಲಿ ಸ್ವಾಧೀನದ ಹಕ್ಕನ್ನು ಕುರಿತೇ ಒಂದು ಗ್ರಂಥ ಬರೆದ. ರೋಮನ್ ಕಾನೂನನ್ನು ಆಧರಿಸಿ ಅವನು ಸ್ವಾಧೀನವನ್ನು ಎರಡಾಗಿ ಬಿಡಿಸಿದ. ಒಂದು, ವಸ್ತು ನಿಜವಾಗಿ ಹಿಡಿತದಲ್ಲಿರಬೇಕು. ಎರಡು, ಅದನ್ನು ತನ್ನದೆಂದು ಇಟ್ಟುಕೊಳ್ಳುವ ಮನಸ್ಸಿರಬೇಕು. ಮನೆಗೆ ಬಂದ ನೆಂಟ ಊಟದ ತಟ್ಟೆಯನ್ನು ಕೈಯಲ್ಲಿ ಹಿಡಿದಿದ್ದರೂ ಅದು ಅವನ ಸ್ವಾಧೀನದಲ್ಲಿಲ್ಲ, ಏಕೆಂದರೆ ಎರಡನೆಯದು ಇಲ್ಲ. ಪೇಟೆಗೆ ಹೋದವನು ಮನೆಯಲ್ಲಿಟ್ಟ ಪೆಟ್ಟಿಗೆಯನ್ನು ಮುಟ್ಟದೆ ದಿನವಿಡೀ ಕಳೆದರೂ ಅದು ಅವನ ಸ್ವಾಧೀನದಲ್ಲೇ ಇದೆ, ಏಕೆಂದರೆ ಬೇಕೆಂದಾಗ ಹೋಗಿ ತೆಗೆದುಕೊಳ್ಳುವ ಹಿಡಿತವೂ ಮನಸ್ಸೂ ಎರಡೂ ಉಳಿದಿವೆ.

ಸಾವಿಗ್ನಿಯ ಲೆಕ್ಕದಲ್ಲಿ ಒಂದು ತೊಡಕಿತ್ತು. ಬಾಡಿಗೆದಾರನಿಗೆ ಮನೆ ತನ್ನದೆಂಬ ಭಾವ ಇರುವುದಿಲ್ಲ. ಹಾಗಾದರೆ ಅವನಿಗೆ ಸ್ವಾಧೀನವೇ ಇಲ್ಲವೇ? ಅದೇ ಶತಮಾನದಲ್ಲಿ ಬಂದ ರುಡಾಲ್ಫ್ ಫಾನ್ ಇಹೆರಿಂಗ್ ಇದನ್ನು ಒಪ್ಪಲಿಲ್ಲ. ಒಡೆಯನಾದವನು ಸಾಮಾನ್ಯವಾಗಿ ವಸ್ತುವಿನೊಡನೆ ಹೇಗೆ ನಡೆದುಕೊಳ್ಳುತ್ತಾನೋ ಹಾಗೆ ಹೊರಗೆ ಕಾಣುವಂತೆ ನಡೆದುಕೊಂಡರೆ ಸಾಕು, ಅದೇ ಸ್ವಾಧೀನ ಎಂದ. ಒಡೆಯ ಪ್ರತಿ ಸಲವೂ ಹಳೆಯ ಪತ್ರಗಳನ್ನೆಲ್ಲ ತಂದು ಹಕ್ಕು ಸಾಬೀತುಪಡಿಸಬೇಕಾದರೆ ಕಳ್ಳನಿಗೇ ಅನುಕೂಲ. ಸ್ವಾಧೀನವನ್ನು ಕಾಯ್ದರೆ ಬಹುಪಾಲು ಒಡೆಯರನ್ನು ಸುಲಭವಾಗಿ ಕಾಯ್ದಂತಾಗುತ್ತದೆ ಎಂಬುದು ಅವನ ವಾದ. ಭಾರತದ ಸಾಕ್ಷ್ಯ ಕಾನೂನಿನಲ್ಲಿ ಈ ಯೋಚನೆಯ ನೆರಳು ಕಾಣುತ್ತದೆ. ಸ್ವಾಧೀನದಲ್ಲಿರುವವನು ಒಡೆಯನಲ್ಲ ಎಂದು ಯಾರು ಹೇಳುತ್ತಾರೋ ಅದನ್ನು ಸಾಬೀತುಪಡಿಸುವ ಹೊಣೆ ಅವರದೇ. ಹಳೆಯ ಸಾಕ್ಷ್ಯ ಅಧಿನಿಯಮದ 110ನೇ ಕಲಮಿನಲ್ಲಿದ್ದ ಈ ನಿಯಮ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 113ನೇ ಕಲಮಾಗಿ ಮುಂದುವರಿದಿದೆ.

ಈ ಚರ್ಚೆ ಯೂರೋಪಿನಲ್ಲೇ ಮೊದಲಾದದ್ದಲ್ಲ. ಯಾಜ್ಞವಲ್ಕ್ಯ ಸ್ಮೃತಿ ವ್ಯವಹಾರದಲ್ಲಿ ಮೂರು ಪ್ರಮಾಣಗಳನ್ನು ಹೇಳುತ್ತದೆ: ಲಿಖಿತ, ಭುಕ್ತಿ, ಸಾಕ್ಷಿ. ಭುಕ್ತಿಯೆಂದರೆ ಅನುಭವ, ಅಂದರೆ ಸ್ವಾಧೀನ. ಸ್ವತ್ತು ಕೈಗೆ ಬಂದ ನ್ಯಾಯವಾದ ಮೂಲಕ್ಕೆ ಅಲ್ಲಿನ ಹೆಸರು ಆಗಮ. ಅನುಭವಕ್ಕಿಂತ ಆಗಮವೇ ಬಲವಾದದ್ದು, ಆದರೆ ತಲೆಮಾರುಗಳಿಂದ ನಡೆದುಬಂದ ಅನುಭವವಾದರೆ ಮಾತು ಬೇರೆ, ಮತ್ತು ಅನುಭವ ಸ್ವಲ್ಪವೂ ಇಲ್ಲದ ಆಗಮಕ್ಕೆ ಬಲವಿಲ್ಲ ಎಂದು ಸ್ಮೃತಿ ಹೇಳುತ್ತದೆ. ಒಡೆಯ ನೋಡುತ್ತಿದ್ದೂ ತಡೆಯದೆ ಸುಮ್ಮನಿದ್ದರೆ ಇಪ್ಪತ್ತು ವರ್ಷಕ್ಕೆ ಭೂಮಿಗೂ ಹತ್ತು ವರ್ಷಕ್ಕೆ ಧನಕ್ಕೂ ಹಾನಿ ಎಂಬ ವಾಕ್ಯವೂ ಅಲ್ಲಿದೆ. ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಮಿತಾಕ್ಷರ ಬರೆದ ವಿಜ್ಞಾನೇಶ್ವರ ಈ ಕೊನೆಯ ಮಾತಿಗೆ ತಡೆ ಹಾಕಿದ. ಹಾನಿಯಾಗುವುದು ಭೂಮಿಯಲ್ಲ, ಅಷ್ಟು ವರ್ಷದ ಫಲ ಮಾತ್ರ ಎಂಬುದು ಅವನ ವ್ಯಾಖ್ಯಾನ. ಸುಮ್ಮನಿದ್ದ ಒಡೆಯ ಕಳೆದ ವರ್ಷಗಳ ಬೆಳೆಯನ್ನು ಕೇಳುವಂತಿಲ್ಲ, ಹೊಲವನ್ನು ಕೇಳಬಹುದು. ಇಂದಿನ ಕಾನೂನು ಈ ವಿಷಯದಲ್ಲಿ ವಿಜ್ಞಾನೇಶ್ವರನಿಗಿಂತ ಕಠೋರವಾಗಿದೆ.

ಇಂಗ್ಲೆಂಡಿನಲ್ಲಿ 1722ರಲ್ಲಿ ನಡೆದ ಒಂದು ಮೊಕದ್ದಮೆಯನ್ನು ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ಹೊಗೆಗೂಡು ಗುಡಿಸುವ ಹುಡುಗನೊಬ್ಬನಿಗೆ ರತ್ನ ಕೂರಿಸಿದ ಒಡವೆಯೊಂದು ಸಿಕ್ಕಿತು. ಬೆಲೆ ಕೇಳಲು ಅದನ್ನು ಚಿನಿವಾರನ ಅಂಗಡಿಗೆ ಕೊಂಡೊಯ್ದ. ಅಲ್ಲಿದ್ದ ಕೆಲಸದವನು ತೂಕ ನೋಡುವ ನೆಪದಲ್ಲಿ ಹರಳುಗಳನ್ನು ಕಿತ್ತುಕೊಂಡು, ಪುಡಿಗಾಸು ಕೊಡಲು ಬಂದ. ಹುಡುಗ ಒಪ್ಪದಿದ್ದಾಗ ಹರಳಿಲ್ಲದ ಬರಿಯ ಚೌಕಟ್ಟನ್ನು ಹಿಂದಿರುಗಿಸಿದ. ಹುಡುಗ ಒಡವೆಯ ಒಡೆಯನಲ್ಲ ಎಂಬುದರಲ್ಲಿ ಅನುಮಾನವಿರಲಿಲ್ಲ. ಆದರೂ ನ್ಯಾಯಾಲಯ ಅವನ ಪರ ತೀರ್ಪು ಕೊಟ್ಟಿತು. ನಿಜವಾದ ಒಡೆಯನೊಬ್ಬನನ್ನು ಬಿಟ್ಟು ಜಗತ್ತಿನ ಬೇರೆಲ್ಲರ ಎದುರು ಅವನ ಸ್ವಾಧೀನ ಗೆಲ್ಲುತ್ತದೆ ಎಂಬುದು ಅದರ ತತ್ವ. ಹರಳುಗಳನ್ನು ಹಾಜರುಪಡಿಸದಿದ್ದರೆ ಆ ಚೌಕಟ್ಟಿಗೆ ಹೊಂದುವ ಅತ್ಯುತ್ತಮ ಹರಳಿನ ಬೆಲೆಯನ್ನೇ ಕೊಡಿಸಬೇಕು ಎಂದೂ ಹೇಳಿತು. ಹುಡುಗನಿಗೆ ಒಡೆತನವಿಲ್ಲ ಎಂಬುದು ಚಿನಿವಾರನಿಗೆ ಕಿತ್ತುಕೊಳ್ಳುವ ಪರವಾನಗಿಯಾಗಲಿಲ್ಲ.

ಭಾರತದ ಕಾನೂನು ಇದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. 1963ರ ನಿರ್ದಿಷ್ಟ ಪರಿಹಾರ ಅಧಿನಿಯಮದ 6ನೇ ಕಲಮಿನ ಪ್ರಕಾರ, ಒಪ್ಪಿಗೆಯಿಲ್ಲದೆ, ಕಾನೂನುಬದ್ಧ ಕ್ರಮವಿಲ್ಲದೆ ಸ್ಥಿರಾಸ್ತಿಯಿಂದ ಹೊರದೂಡಲ್ಪಟ್ಟವನು ಆರು ತಿಂಗಳೊಳಗೆ ದಾವೆ ಹಾಕಿ ಸ್ವಾಧೀನ ವಾಪಸು ಪಡೆಯಬಹುದು. ಹೊರದೂಡಿದವನು ನಿಜವಾದ ಒಡೆಯನೇ ಆಗಿದ್ದರೂ ಆ ದಾವೆಯಲ್ಲಿ ಅವನ ಹಕ್ಕಿನ ಮಾತು ನಡೆಯುವುದಿಲ್ಲ. ನ್ಯಾಯಾಧೀಶರು ನೋಡುವುದು ಎರಡೇ ಸಂಗತಿ: ವಾದಿ ಸ್ವಾಧೀನದಲ್ಲಿದ್ದನೇ, ಕಳೆದ ಆರು ತಿಂಗಳೊಳಗೆ ಅವನನ್ನು ಬಲವಂತದಿಂದ ಹೊರಹಾಕಲಾಯಿತೇ. ಈ ತೀರ್ಪಿನ ಮೇಲೆ ಅಪೀಲೂ ಇಲ್ಲ, ಪುನರ್ವಿಮರ್ಶೆಯೂ ಇಲ್ಲ. ಸೋತ ಒಡೆಯ ತನ್ನ ಹಕ್ಕನ್ನು ಆಧರಿಸಿ ಬೇರೆ ದಾವೆ ಹಾಕಬಹುದು, ಅಷ್ಟೆ. ಸರ್ಕಾರದ ವಿರುದ್ಧ ಮಾತ್ರ ಈ ಕಲಮು ಉಪಯೋಗಕ್ಕೆ ಬರುವುದಿಲ್ಲ. ಬಾಡಿಗೆದಾರನ ಸಾಮಾನನ್ನು ಬೀದಿಗೆ ಎಸೆದು ಬೀಗ ಹಾಕುವ ಮಾಲೀಕರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಕರಾರಿನ ಅವಧಿ ಮುಗಿದಿರಬಹುದು, ಬಾಡಿಗೆ ಬಾಕಿ ಇರಬಹುದು. ಆದರೆ ತೆರವು ಮಾಡಿಸುವ ಅಧಿಕಾರ ಇರುವುದು ನ್ಯಾಯಾಲಯಕ್ಕೆ, ಮಾಲೀಕನ ತೋಳಿಗಲ್ಲ.

ಹಾಗಾದರೆ ನಿನ್ನೆ ರಾತ್ರಿ ಗೋಡೆ ಹಾರಿ ನಿವೇಶನದಲ್ಲಿ ಗುಡಿಸಲು ಹಾಕಿದವನಿಗೂ ಇಷ್ಟೇ ರಕ್ಷಣೆಯೇ ಎಂಬ ಪ್ರಶ್ನೆ ಏಳುತ್ತದೆ. ಇಲ್ಲ. ಇದಕ್ಕೆ ನ್ಯಾಯಾಲಯಗಳು ‘ನೆಲೆಗೊಂಡ ಸ್ವಾಧೀನ’ ಎಂಬ ಗೆರೆಯನ್ನು ಎಳೆದಿವೆ. ಈ ಗೆರೆಯನ್ನು ವಿವರವಾಗಿ ತೋರಿಸಿದ ತೀರ್ಪುಗಳಲ್ಲಿ ಒಂದು ಕರ್ನಾಟಕದಿಂದಲೇ ಹೋದದ್ದು. ಅದು ವಕೀಲರ ಬಾಯಲ್ಲಿ ರಾಮೇಗೌಡ ಪ್ರಕರಣವೆಂದು ಉಳಿದಿದೆ. ಅಕ್ಕಪಕ್ಕದ ಜಮೀನಿನ ಇಬ್ಬರ ನಡುವಿನ ವ್ಯಾಜ್ಯವದು. ಒಬ್ಬ ಕಟ್ಟಡ ಎಬ್ಬಿಸತೊಡಗಿದಾಗ ಇನ್ನೊಬ್ಬ ಅಡ್ಡಬಂದ. ವಾದಿಗೆ ತನ್ನ ಹಕ್ಕನ್ನು ಪೂರ್ತಿಯಾಗಿ ಸಾಬೀತುಪಡಿಸಲು ಆಗಲಿಲ್ಲ, ಪ್ರತಿವಾದಿಗೂ ಆಗಲಿಲ್ಲ. ಆದರೆ ವಾದಿ ಶಾಂತವಾಗಿ ಸ್ವಾಧೀನದಲ್ಲಿದ್ದುದು ಸಾಬೀತಾಯಿತು. ಅಷ್ಟರ ಮೇಲೆಯೇ ಅವನಿಗೆ ಸಿಕ್ಕಿದ ತಡೆಯಾಜ್ಞೆಯನ್ನು ಸುಪ್ರೀಂ ಕೋರ್ಟ್ 2003ರ ಡಿಸೆಂಬರಿನಲ್ಲಿ ಎತ್ತಿಹಿಡಿಯಿತು. ಪ್ರತಿವಾದಿ ಬೇಕಾದರೆ ತನ್ನ ಹಕ್ಕನ್ನು ಬೇರೆ ದಾವೆಯಲ್ಲಿ ಸ್ಥಾಪಿಸಿಕೊಳ್ಳಲಿ ಎಂದಿತು.

ನೆಲೆಗೊಂಡ ಸ್ವಾಧೀನಕ್ಕೆ ಇಷ್ಟು ವರ್ಷ, ಇಷ್ಟು ತಿಂಗಳು ಎಂಬ ಲೆಕ್ಕವಿಲ್ಲ. ಅದು ಸಾಕಷ್ಟು ಕಾಲ ನಡೆದಿರಬೇಕು, ಒಡೆಯನಿಗೆ ಗೊತ್ತಿರಬೇಕು ಅಥವಾ ಕನಿಷ್ಠ ಮುಚ್ಚಿಟ್ಟದ್ದಾಗಿರಬಾರದು, ಒಡೆಯ ಅದಕ್ಕೆ ಸುಮ್ಮನಾಗಿರಬೇಕು. ಸಾಗುವಳಿ ಜಮೀನಿಗೆ ನ್ಯಾಯಾಲಯಗಳು ಬಳಸುವ ಒಂದು ಅಳತೆ ರೈತರಿಗೆ ತಟ್ಟನೆ ಅರ್ಥವಾಗುವಂಥದ್ದು: ಒಳಬಂದವನು ಬೆಳೆ ಎತ್ತಿದ್ದಾನೆಯೇ? ಬಿತ್ತಿದ ಬೆಳೆ ಹೊಲದಲ್ಲಿ ನಿಂತಿದ್ದರೆ ಒಡೆಯನಾದರೂ ಅದನ್ನು ನಾಶಮಾಡಿ ಬಲವಂತದಿಂದ ಸ್ವಾಧೀನ ಪಡೆಯುವಂತಿಲ್ಲ. ಅದೇ ಆಗಷ್ಟೇ ನುಗ್ಗಿದವನಾದರೆ, ಅವನು ಬೇರೂರುವ ಮೊದಲೇ ಮಿತವಾದ ಬಲ ಬಳಸಿ ಹೊರಗಟ್ಟುವ ಅವಕಾಶ ಒಡೆಯನಿಗಿದೆ. ಗೊತ್ತಾದ ಕೂಡಲೇ ಎಚ್ಚೆತ್ತ ಒಡೆಯನಿಗೂ ವರ್ಷಗಟ್ಟಲೆ ತಿರುಗಿ ನೋಡದ ಒಡೆಯನಿಗೂ ಕಾನೂನು ಹೀಗೆ ವ್ಯತ್ಯಾಸ ಮಾಡುತ್ತದೆ.

ಸ್ವಾಧೀನದ ಬಗೆಗಳು ಹಲವು. ಎಲ್ಲದರ ಹಿಂದೆ ಇರುವ ಪ್ರಶ್ನೆ ಮಾತ್ರ ಒಂದೇ: ಈ ಮನುಷ್ಯ ಒಳಗೆ ಬಂದದ್ದು ಹೇಗೆ, ಯಾರ ಪರವಾಗಿ ಇದ್ದಾನೆ?

ಎಲ್ಲಕ್ಕಿಂತ ಕೆಳಗಿನದು ಬರಿಯ ಪಾಲನೆ. ತೋಟದ ಕಾವಲುಗಾರ, ಮನೆಗೆಲಸದವನು, ಅಂಗಡಿಯ ಗುಮಾಸ್ತ, ಇವರ ಕೈಯಲ್ಲಿ ವಸ್ತುವಿದ್ದರೂ ಕಾನೂನಿನ ಪ್ರಕಾರ ಅದು ಧಣಿಯ ಸ್ವಾಧೀನದಲ್ಲಿದೆ. ಕಾವಲುಗಾರ ಎಷ್ಟು ವರ್ಷ ತೋಟದ ಮನೆಯಲ್ಲಿ ವಾಸವಾಗಿದ್ದರೂ ಆ ವಾಸದಿಂದ ಅವನಿಗೆ ಸ್ವತ್ತಿನಲ್ಲಿ ಯಾವ ಹಿತಾಸಕ್ತಿಯೂ ಹುಟ್ಟುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಗೋವಾದ ಒಂದು ಪ್ರಕರಣದಲ್ಲಿ ಖಚಿತವಾಗಿ ಹೇಳಿದೆ.

ಅದಕ್ಕಿಂತ ಮೇಲಿನದು ಮತ್ತೊಬ್ಬರ ಮೂಲಕ ಇರುವ ಸ್ವಾಧೀನ. ಬಾಡಿಗೆದಾರನದು ನೇರ ಸ್ವಾಧೀನವಾದರೆ ಅವನ ಮೂಲಕ ಮಾಲೀಕನದೂ ಒಂದು ಬಗೆಯ ಸ್ವಾಧೀನವೇ. ರಿಪೇರಿಗೆ ಕೊಟ್ಟ ಗಡಿಯಾರ, ಗಿರವಿಯ ಒಡವೆ ಇಲ್ಲಿಗೇ ಸೇರುತ್ತವೆ. ಇಲ್ಲಿ ಕಾವಲುಗಾರನಿಗಿಲ್ಲದ ರಕ್ಷಣೆ ವಸ್ತು ಇಟ್ಟುಕೊಂಡವನಿಗೆ ಇದೆ, ಅದೂ ಒಡೆಯನ ವಿರುದ್ಧವೇ. 1860ರ ಭಾರತೀಯ ದಂಡ ಸಂಹಿತೆಯಲ್ಲಿದ್ದ ಕಳವಿನ ವ್ಯಾಖ್ಯೆಯಲ್ಲಿ ಇದನ್ನು ತೋರಿಸುವ ಒಂದು ಉದಾಹರಣೆಯಿತ್ತು. ಒಬ್ಬ ಗಡಿಯಾರವನ್ನು ರಿಪೇರಿಗೆ ಕೊಟ್ಟಿದ್ದಾನೆ. ಕೂಲಿ ಬಾಕಿ ಇರುವುದರಿಂದ ಅಂಗಡಿಯವನು ಅದನ್ನು ನ್ಯಾಯವಾಗಿ ಹಿಡಿದಿಟ್ಟುಕೊಂಡಿದ್ದಾನೆ. ಆ ಜಾಮೀನನ್ನು ಅಂಗಡಿಯವನಿಗೆ ತಪ್ಪಿಸುವ ಉದ್ದೇಶದಿಂದ ಗಡಿಯಾರದ ಒಡೆಯನೇ ಅದನ್ನು ಎತ್ತಿಕೊಂಡು ಹೋದರೆ ಅವನು ಕಳವು ಮಾಡಿದಂತೆ. ಕೂಲಿ ಬಾಕಿ ಇಲ್ಲದೆ ಹಾಗೆ ಮಾಡಿದ್ದರೆ ಕಳವಲ್ಲ. ಕಳವಿನ ಅಪರಾಧ ನಡೆಯುವುದು ಸ್ವಾಧೀನದ ಮೇಲೆ. ಆದ್ದರಿಂದ ಒಡೆಯನೂ ತನ್ನದೇ ವಸ್ತುವಿನ ಕಳ್ಳನಾಗಬಹುದು.

ವಸ್ತುವನ್ನೇ ಕೈಗಿಡದೆ ಸ್ವಾಧೀನ ಕೊಡುವ ಬಗೆಗಳೂ ಇವೆ. ಗೋದಾಮಿನ ಬೀಗದ ಕೈ ಕೊಟ್ಟರೆ ಒಳಗಿನ ಮೂಟೆಗಳನ್ನು ಕೊಟ್ಟಂತೆ. ಇದು ಅರ್ಥೈಸಿಕೊಂಡ ಸ್ವಾಧೀನ. ನ್ಯಾಯಾಲಯದ ಡಿಕ್ರಿ ಜಾರಿಯಾಗುವಾಗ ಇದರ ಇನ್ನೊಂದು ರೂಪ ಕಾಣುತ್ತದೆ. ಮನೆಯೊಳಗೆ ಕಾನೂನುಬದ್ಧವಾಗಿ ಇರುವ ಬಾಡಿಗೆದಾರನನ್ನು ಎಬ್ಬಿಸಬೇಕಿಲ್ಲ, ಒಡೆತನ ಮಾತ್ರ ಬದಲಾಗಿದೆ ಎಂದಾಗ ಅಮೀನ ಸ್ವತ್ತಿನ ಮೇಲೆ ಎದ್ದು ಕಾಣುವ ಜಾಗದಲ್ಲಿ ವಾರಂಟಿನ ಪ್ರತಿ ಅಂಟಿಸಿ, ತಮಟೆ ಬಾರಿಸಿ ಡಿಕ್ರಿಯ ಸಾರಾಂಶ ಸಾರುತ್ತಾನೆ. ಬಾಡಿಗೆದಾರ ಅಲ್ಲೇ ಇರುತ್ತಾನೆ, ಆದರೆ ಸಾಂಕೇತಿಕ ಸ್ವಾಧೀನ ಡಿಕ್ರಿದಾರನಿಗೆ ಸೇರಿಹೋಗುತ್ತದೆ. ಸಾಲ ವಸೂಲಿಗೆ ಬ್ಯಾಂಕುಗಳು ಮನೆಯ ಗೋಡೆಗೆ ನೋಟಿಸು ಅಂಟಿಸಿ ಪತ್ರಿಕೆಯಲ್ಲಿ ಪ್ರಕಟಿಸುವುದೂ ಸಾಂಕೇತಿಕ ಸ್ವಾಧೀನವೇ. ಮನೆಯವರನ್ನು ನಿಜವಾಗಿ ಹೊರಕಳಿಸುವುದು ಅದರ ನಂತರದ, ಬೇರೆಯೇ ಆದ ಹಂತ.

ಭೋಗ್ಯದ ಅಡಮಾನದಲ್ಲಿ ಸ್ವಾಧೀನ ಸಾಲ ಕೊಟ್ಟವನಿಗೆ ಹೋಗುತ್ತದೆ. ಹೊಲದ ಉತ್ಪನ್ನವನ್ನು ಅವನು ಬಡ್ಡಿಗೋ ಅಸಲಿಗೋ ಎರಡಕ್ಕೋ ವಜಾ ಮಾಡಿಕೊಳ್ಳುತ್ತಾನೆ. ಮೂವತ್ತು ವರ್ಷ ಕಳೆದರೆ ಹೊಲ ಭೋಗ್ಯದಾರನದಾಗಿಬಿಡುತ್ತದೆ ಎಂಬ ನಂಬಿಕೆ ಹಳ್ಳಿಗಳಲ್ಲಿದೆ. ಅದು ತಪ್ಪು. ಸಾಲ ತೀರುವವರೆಗೆ ಭೋಗ್ಯದ ಜಮೀನನ್ನು ಬಿಡಿಸಿಕೊಳ್ಳುವ ಹಕ್ಕಿಗೆ ಕಾಲಮಿತಿ ಓಡತೊಡಗುವುದೇ ಇಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದೆ.

ಅಣ್ಣತಮ್ಮಂದಿರ ಜಂಟಿ ಸ್ವತ್ತಿನಲ್ಲಿ ಒಬ್ಬನ ಸ್ವಾಧೀನವೇ ಎಲ್ಲರ ಸ್ವಾಧೀನ. ತಮ್ಮ ಮುಂಬಯಿಯಲ್ಲಿ ನೌಕರಿಯಲ್ಲಿದ್ದು ಅಣ್ಣನೊಬ್ಬನೇ ನಲವತ್ತು ವರ್ಷ ಉತ್ತರೂ, ಕಂದಾಯವನ್ನೆಲ್ಲ ಅವನೇ ಕಟ್ಟಿದರೂ, ತಮ್ಮನ ಪಾಲು ಕರಗುವುದಿಲ್ಲ. ‘ನಿನಗೆ ಇದರಲ್ಲಿ ಪಾಲಿಲ್ಲ’ ಎಂದು ಅಣ್ಣ ಬಹಿರಂಗವಾಗಿ, ತಮ್ಮನಿಗೆ ತಿಳಿಯುವಂತೆ ನಿರಾಕರಿಸಿದ ದಿನದಿಂದಷ್ಟೇ ಲೆಕ್ಕ ಶುರು. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಪಾಲಿಗೂ ಇದೇ ನಿಯಮ ಅನ್ವಯಿಸುತ್ತದೆ. ವರ್ಷಾನುಗಟ್ಟಲೆ ಕೇಳಲಿಲ್ಲ ಎಂಬುದೊಂದೇ ಅವರ ಹಕ್ಕನ್ನು ಅಳಿಸಲಾರದು.

ಈಗ ಎಲ್ಲಕ್ಕಿಂತ ವಿವಾದದ ಬಗೆಗೆ ಬರಬೇಕು, ಪ್ರತಿಕೂಲ ಸ್ವಾಧೀನಕ್ಕೆ. ಒಡೆಯನ ಹಕ್ಕನ್ನು ಅಲ್ಲಗಳೆಯುತ್ತ ಅವನ ಸ್ವತ್ತನ್ನು ಹನ್ನೆರಡು ವರ್ಷ ಹಿಡಿದಿಟ್ಟುಕೊಂಡವನ ವಿರುದ್ಧ ದಾವೆ ಹಾಕುವ ಅವಕಾಶ ಒಡೆಯನಿಗೆ ಮುಚ್ಚಿಹೋಗುತ್ತದೆ. ಇದು 1963ರ ಕಾಲಮಿತಿ ಅಧಿನಿಯಮದ 65ನೇ ವಿಧಿ. ಅದೇ ಅಧಿನಿಯಮದ 27ನೇ ಕಲಮು ಇನ್ನೂ ಮುಂದೆ ಹೋಗುತ್ತದೆ. ಅವಧಿ ತೀರಿದರೆ ದಾವೆಯ ಹಕ್ಕು ಮಾತ್ರವಲ್ಲ, ಸ್ವತ್ತಿನ ಹಕ್ಕೇ ನಂದಿಹೋಗುತ್ತದೆ. ಸರ್ಕಾರಿ ಜಮೀನಾದರೆ ಈ ಅವಧಿ ಮೂವತ್ತು ವರ್ಷ.

ಇದು ಹೇಗೆ ನಡೆಯುತ್ತದೆ, ಎಲ್ಲಿ ಬಿದ್ದುಹೋಗುತ್ತದೆ ಎಂಬುದು ಒಂದು ಕಲ್ಪಿತ ಪ್ರಸಂಗದಿಂದ ಸ್ಪಷ್ಟವಾಗುತ್ತದೆ. ಎರಡು ಎಕರೆ ಖುಷ್ಕಿ ಜಮೀನಿನ ಒಡೆಯ 2005ರಲ್ಲಿ ಬೆಂಗಳೂರಿಗೆ ಹೊರಟ. ಹೊಲ ಬೀಳುಬೀಳದಿರಲಿ ಎಂದು ಪಕ್ಕದ ರೈತನಿಗೆ ನೋಡಿಕೊಳ್ಳಲು ಹೇಳಿದ. ರೈತ ವರ್ಷಕ್ಕೊಮ್ಮೆ ಎರಡು ಮೂಟೆ ರಾಗಿ ಕಳಿಸುತ್ತಿದ್ದ. ಈ ಕಾಲದ ರೈತನ ಸ್ವಾಧೀನ ಅನುಮತಿಯದು. ಹೀಗೇ ಐವತ್ತು ವರ್ಷ ನಡೆದಿದ್ದರೂ ಅದು ಪ್ರತಿಕೂಲವಾಗುತ್ತಿರಲಿಲ್ಲ. 2009ರಲ್ಲಿ ರಾಗಿ ಬರುವುದು ನಿಂತಿತು. ಒಡೆಯ ಕೇಳಲಿಲ್ಲ, ರೈತನೂ ಏನೂ ಹೇಳಲಿಲ್ಲ. ಆಗಲೂ ಲೆಕ್ಕ ಶುರುವಾಗುವುದಿಲ್ಲ, ಏಕೆಂದರೆ ಮೂಟೆ ಕಳಿಸದಿರುವುದು ಹಕ್ಕನ್ನು ನಿರಾಕರಿಸಿದಂತಲ್ಲ. 2011ರ ಜೂನ್‌ನಲ್ಲಿ ಒಡೆಯ ಊರಿಗೆ ಬಂದಾಗ ಹೊಲಕ್ಕೆ ಕಲ್ಲುಕಂಬದ ಬೇಲಿ ಬಿದ್ದಿತ್ತು, ಕೊಳವೆಬಾವಿ ಕೊರೆದಿತ್ತು. ‘ಇದು ನನ್ನ ಹೊಲ, ನಿಮಗೂ ಇದಕ್ಕೂ ಸಂಬಂಧವಿಲ್ಲ’ ಎಂದು ರೈತ ಊರವರ ಎದುರೇ ಹೇಳಿದ. ಹನ್ನೆರಡು ವರ್ಷದ ಎಣಿಕೆ ಅಂದಿನಿಂದ.

ಒಡೆಯ 2013ರಲ್ಲಿ ವಕೀಲರ ನೋಟಿಸು ಕೊಟ್ಟ. 2015ರಲ್ಲಿ ತಹಸೀಲ್ದಾರರಿಗೆ ದೂರು ಕೊಟ್ಟು ಪಹಣಿಯಲ್ಲಿ ತನ್ನ ಹೆಸರು ಭದ್ರಮಾಡಿಕೊಂಡ. ಇವು ಯಾವುವೂ ಕಾಲವನ್ನು ನಿಲ್ಲಿಸುವುದಿಲ್ಲ. ನಿಲ್ಲಿಸುವುದು ಸ್ವಾಧೀನಕ್ಕಾಗಿ ಹಾಕಿದ ದಾವೆ, ಅಥವಾ ಸ್ವಾಧೀನ ನಿಜವಾಗಿ ಕೈ ಬದಲಾದದ್ದು. 2018ರಲ್ಲಿ ರೈತ ತೀರಿಕೊಂಡು ಮಗ ಸಾಗುವಳಿ ಮುಂದುವರಿಸಿದರೆ ತಂದೆಯ ಏಳು ವರ್ಷ ಮಗನ ಲೆಕ್ಕಕ್ಕೆ ಸೇರುತ್ತದೆ. ಹಾಗಲ್ಲದೆ ರೈತ ಹೊಲ ಬಿಟ್ಟುಹೋಗಿ ಸಂಬಂಧವೇ ಇಲ್ಲದ ಮತ್ತೊಬ್ಬ ಬಂದು ಸೇರಿಕೊಂಡಿದ್ದರೆ ಎಣಿಕೆ ಮೊದಲಿನಿಂದ. ಒಡೆಯ 2023ರ ಮೇ ತಿಂಗಳಲ್ಲಿ ದಾವೆ ಹಾಕಿದ್ದರೆ ಹೊಲ ಉಳಿಯುತ್ತಿತ್ತು. ಕಾಲಮಿತಿ ತೀರಿದ ಮೇಲೆ ಬಂದಿದ್ದರೆ ಕೈಯಲ್ಲಿ ಶುದ್ಧ ಕ್ರಯಪತ್ರವಿದ್ದೂ ಹೊಲ ಅವನದಲ್ಲ.

ಪ್ರತಿಕೂಲ ಸ್ವಾಧೀನ ಹೇಳಿಕೊಂಡು ಬರುವವರಲ್ಲಿ ಬಹಳ ಮಂದಿ ಸೋಲುವುದು ಸಾಕ್ಷ್ಯಕ್ಕಿಂತ ಮೊದಲು ತಮ್ಮ ಪ್ರತಿವಾದ ಪತ್ರದಲ್ಲೇ. ‘ಅರವತ್ತು ವರ್ಷದಿಂದ ಅನುಭವದಲ್ಲಿದ್ದೇವೆ’ ಎಂಬ ಒಂದೇ ಸಾಲು ಬರೆದಿರುತ್ತಾರೆ. ಕರ್ನಾಟಕ ವಕ್ಫ್ ಮಂಡಳಿಯ ಪ್ರಕರಣದಲ್ಲಿ 2004ರಲ್ಲಿ ಸುಪ್ರೀಂ ಕೋರ್ಟ್ ಏನೇನು ಹೇಳಬೇಕೆಂದು ಬಿಡಿಸಿಟ್ಟಿದೆ: ಯಾವ ದಿನ ಸ್ವಾಧೀನಕ್ಕೆ ಬಂದದ್ದು, ಅದರ ಸ್ವರೂಪವೇನು, ಎದುರಿನವನಿಗೆ ಅದು ಗೊತ್ತಿತ್ತೇ, ಎಷ್ಟು ಕಾಲ ನಡೆಯಿತು, ಬಹಿರಂಗವಾಗಿ ತಡೆಯಿಲ್ಲದೆ ನಡೆಯಿತೇ. ಬಲವಂತ, ಗುಟ್ಟು, ಅನುಮತಿ ಈ ಮೂರರಲ್ಲಿ ಒಂದಿದ್ದರೂ ವಾದ ಬೀಳುತ್ತದೆ. ಇನ್ನೊಂದು ಹಳ್ಳವೂ ಇದೆ. ‘ಈ ಜಮೀನನ್ನು ನಮ್ಮಪ್ಪ ಕೊಂಡದ್ದು, ಇಲ್ಲದಿದ್ದರೆ ಪ್ರತಿಕೂಲ ಸ್ವಾಧೀನದಿಂದ ನಮ್ಮದು’ ಎಂದು ಎರಡನ್ನೂ ಹೇಳುವುದು ಒಂದಕ್ಕೊಂದು ತಾಳೆಯಾಗುವುದಿಲ್ಲ. ತನ್ನದೇ ಎಂದುಕೊಂಡವನು ಮತ್ತೊಬ್ಬ ಒಡೆಯನ ವಿರುದ್ಧ ಹಿಡಿದಿಟ್ಟುಕೊಂಡೆ ಎನ್ನಲಾಗದು.

ಈ ಕಾನೂನಿನ ನ್ಯಾಯದ ಬಗ್ಗೆ ನ್ಯಾಯಾಧೀಶರಲ್ಲೇ ಅಸಮಾಧಾನವಿದೆ. ಅಪ್ರಾಮಾಣಿಕನಿಗೆ ಬಹುಮಾನ ಕೊಡುವ ಈ ನಿಯಮವನ್ನು ಕೇಂದ್ರ ಸರ್ಕಾರ ಮರುಪರಿಶೀಲಿಸಬೇಕೆಂದು 2008ರಲ್ಲಿ ಸುಪ್ರೀಂ ಕೋರ್ಟೇ ಕೇಳಿಕೊಂಡಿತು. 2019ರಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠವೊಂದು, ಇಂಥ ಸ್ವಾಧೀನದಾರ ಪ್ರತಿವಾದಿಯಾಗಿ ಮಾತ್ರವಲ್ಲ ವಾದಿಯಾಗಿಯೂ ಹಕ್ಕು ಕೇಳಬಹುದೆಂದು ತೀರ್ಪಿತ್ತಿತು. 2023ರಲ್ಲಿ ಕಾನೂನು ಆಯೋಗ ತನ್ನ 280ನೇ ವರದಿಯಲ್ಲಿ ಬದಲಾವಣೆ ಬೇಡವೆಂದಿತು. ಬೇಜವಾಬ್ದಾರಿಯ ಒಡೆಯನಿಗೆ ಗಡುವು ಇರಬೇಕೆಂಬುದು ಒಪ್ಪತಕ್ಕ ಮಾತು. ಆದರೆ ಊರು ಬಿಟ್ಟು ದುಡಿಯಲು ಹೋದವರ, ವಿಧವೆಯರ, ವೃದ್ಧರ ಮೇಲೆ ಈ ಗಡುವು ಎಲ್ಲರಿಗಿಂತ ಭಾರವಾಗಿ ಬೀಳುತ್ತದೆ ಎಂಬುದನ್ನು ಮರೆಯುವಂತಿಲ್ಲ.

ಸ್ವಾಧೀನವನ್ನು ಒಡೆತನವಾಗಿ ಬದಲಿಸುವ ಇನ್ನೊಂದು ದಾರಿಯನ್ನು ಕರ್ನಾಟಕವೇ ತೋರಿಸಿದೆ, ಅದೂ ಇಂಥ ಕಹಿಯಿಲ್ಲದ ತತ್ವದ ಮೇಲೆ. ದೇವರಾಜ ಅರಸು ಅವರ ಕಾಲದಲ್ಲಿ ತಿದ್ದುಪಡಿಯಾದ ಭೂಸುಧಾರಣಾ ಕಾಯಿದೆಯಂತೆ 1974ರ ಮಾರ್ಚ್ 1ರಂದು ಗೇಣಿದಾರರ ಕೈಯಲ್ಲಿದ್ದ ಜಮೀನುಗಳು ಸರ್ಕಾರಕ್ಕೆ ಸೇರಿದವು. ಸ್ವತಃ ಸಾಗುವಳಿ ಮಾಡುತ್ತಿದ್ದವರು 7ನೇ ನಮೂನೆಯಲ್ಲಿ ಅರ್ಜಿ ಹಾಕಿ ಭೂ ನ್ಯಾಯಮಂಡಳಿಯಿಂದ ಅಧಿಭೋಗದ ಹಕ್ಕು ಪಡೆದರು. ಗೇಣಿದಾರ ಒಡೆಯನ ಅನುಮತಿಯಿಂದಲೇ ಒಳಬಂದವನಾದ್ದರಿಂದ ಎಷ್ಟು ತಲೆಮಾರು ಉತ್ತರೂ ಪ್ರತಿಕೂಲ ಸ್ವಾಧೀನದ ನಿಯಮ ಅವನಿಗೆ ಒದಗುತ್ತಿರಲಿಲ್ಲ. ಶಾಸನ ಬೇಕಾದದ್ದು ಅದಕ್ಕಾಗಿಯೇ. ನ್ಯಾಯಮಂಡಳಿಯ ಮುಂದೆ ಇಡೀ ವ್ಯಾಜ್ಯ ನಿಂತದ್ದು ಆ ದಿನಾಂಕದಂದು ಹೊಲದಲ್ಲಿ ಉಳುತ್ತಿದ್ದವರು ಯಾರು ಎಂಬ ವಾಸ್ತವದ ಮೇಲೆ.

ಅದನ್ನು ತೋರಿಸಲು ಆಗ ಮುಖ್ಯವಾಗಿ ಬಳಕೆಯಾದ ಪಹಣಿಯನ್ನು ಇಂದಿಗೂ ಓದುವ ಕ್ರಮ ತಿಳಿದಿರುವುದು ಒಳ್ಳೆಯದು. 9ನೇ ಕಾಲಂನಲ್ಲಿ ಖಾತೆದಾರನ ಹೆಸರಿರುತ್ತದೆ, 10ರಲ್ಲಿ ಅದು ಅವನಿಗೆ ಬಂದ ಬಗೆ, 11ರಲ್ಲಿ ಸಾಲ ಮತ್ತು ಇತರ ಹಕ್ಕುಗಳು, 12ರಲ್ಲಿ ಸಾಗುವಳಿ ಮಾಡುತ್ತಿರುವವನ ಹೆಸರು. ಕರ್ನಾಟಕ ಭೂಕಂದಾಯ ಕಾಯಿದೆಯ 133ನೇ ಕಲಮಿನಂತೆ ಈ ನಮೂದುಗಳು ಬೇರೆ ರೀತಿ ಸಾಬೀತಾಗುವವರೆಗೆ ನಿಜವೆಂದೇ ಭಾವಿಸತಕ್ಕವು. ಆದರೆ ಖಾತೆ ಬದಲಾವಣೆ ಒಡೆತನವನ್ನು ಕೊಡುವುದಿಲ್ಲ. ಅದು ಕಂದಾಯ ವಸೂಲಿಗಾಗಿ ಇರುವ ದಾಖಲೆ. ನೂರು ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿಯ ಒಡೆತನ ಮಾರಾಟದಿಂದ ಬರಬೇಕಾದರೆ ನೋಂದಾಯಿತ ಕ್ರಯಪತ್ರವೇ ಬೇಕು. ಹಣ ಪೂರ್ತಿ ಕೊಟ್ಟು ಕ್ರಯದ ಕರಾರು ಮಾಡಿಕೊಂಡು ಮನೆಯೊಳಗೆ ಬಂದವನಿಗೆ ಇರುವುದು ಸ್ವಾಧೀನ. ಆ ಕರಾರು ನೋಂದಣಿಯಾಗಿದ್ದರೆ ಮಾರಿದವನು ಅವನನ್ನು ಎಬ್ಬಿಸದಂತೆ ತಡೆಯುವ ಗುರಾಣಿಯೂ ಸಿಗುತ್ತದೆ. ಒಡೆತನ ಮಾತ್ರ ಇನ್ನೂ ಬಂದಿಲ್ಲ.

ಜಗಳ ನ್ಯಾಯಾಲಯಕ್ಕೆ ಹೋಗುವಾಗ ಈ ಭೇದವೇ ದಾವೆಯ ರೂಪವನ್ನು ತೀರ್ಮಾನಿಸುತ್ತದೆ. ಸ್ವಾಧೀನದಲ್ಲಿದ್ದು, ಹಕ್ಕಿನ ಬಗ್ಗೆ ಗಂಭೀರ ತಕರಾರಿಲ್ಲದೆ ಬರಿಯ ಕಿರುಕುಳವಿದ್ದರೆ ಶಾಶ್ವತ ತಡೆಯಾಜ್ಞೆ ಕೇಳಿದರೆ ಸಾಕು. ಸ್ವಾಧೀನವಿದ್ದೂ ಎದುರಿನವನು ಹಕ್ಕಿನ ಮೇಲೆ ಮೋಡ ಕವಿಸಿದ್ದರೆ ಒಡೆತನದ ಘೋಷಣೆಯನ್ನೂ ಕೇಳಬೇಕು. ಹೊರದೂಡಿ ಆರು ತಿಂಗಳಾಗಿಲ್ಲವಾದರೆ 6ನೇ ಕಲಮಿನ ದಾವೆ ಇದೆ. ಅದು ತಪ್ಪಿದರೂ ಹಿಂದೆ ಇದ್ದ ಸ್ವಾಧೀನದ ಆಧಾರದ ಮೇಲೆ, ಹೊರದೂಡಿದ ದಿನದಿಂದ ಹನ್ನೆರಡು ವರ್ಷದೊಳಗೆ ಕೇಳಬಹುದು, ಆದರೆ ಆಗ ಎದುರಿನವನು ತನ್ನ ಒಡೆತನವನ್ನು ಮುಂದೆ ತರಲು ಸ್ವತಂತ್ರ. ಸ್ವಾಧೀನವನ್ನೇ ಕಳೆದುಕೊಂಡವನು ತಡೆಯಾಜ್ಞೆಯೊಂದನ್ನೇ ಕೇಳಿ ಬಂದರೆ ದಾವೆ ಬಿದ್ದುಹೋಗುತ್ತದೆ, ಮತ್ತು ಅದು ತಿಳಿಯುವಷ್ಟರಲ್ಲಿ ಕಾಲಮಿತಿಯ ಹಲವು ವರ್ಷಗಳು ಕಳೆದಿರುತ್ತವೆ.